ಯೋಹಾನ 14:1ರ ‘ಪಿಸ್ತ್ಯೂಎತೆ’: ಆಜ್ಞೆಯೋ, ಹೇಳಿಕೆಯೋ?

ಪ್ರಶ್ನೆ (ಬಿ.ಡಿ. ಎರಡನೇ ವರ್ಷದ ವಿದ್ಯಾರ್ಥಿ):
ಮೇಡಂ, ವಂದನೆಗಳು. ಯೋಹಾನ 14:1ರ ಗ್ರೀಕ್ ಮೂಲದಲ್ಲಿ ‘ಪಿಸ್ತ್ಯೂಎತೆ’ ಎರಡು ಸಲ ಬರುತ್ತೆ. ನಾನು ಓದಿ ಬೆಳೆದ ಕನ್ನಡ ಬೈಬಲಲ್ಲಿ ‘ದೇವರನ್ನು ನಂಬಿರಿ, ನನ್ನನ್ನೂ ನಂಬಿರಿ’ ಅಂತ ಎರಡೂ ಕಡೆ ‘ನಂಬಿರಿ’ ಇದೆ. ಕಿಂಗ್ ಜೇಮ್ಸ್ ಬೈಬಲಲ್ಲಿ ಮೊದಲನೆಯದು ‘ನಂಬುತ್ತೀರಿ’, ಎರಡನೆಯದು ‘ನಂಬಿರಿ’. ರೂಪ ಒಂದೇ ಇರುವಾಗ, ಪದದ ವ್ಯಾಕರಣ ಬಿಡಿಸಿ ಬರೆಯುವ ಪಾರ್ಸಿಂಗ್‌ನಲ್ಲಿ ಏನಂತ ಬರೆಯಲಿ?

ಗ್ರೀಕ್ ಬೋಧಕಿ:
ನೀವು ತಪ್ಪು ಓದಿಲ್ಲ. ವರ್ತಮಾನ ಕಾಲದ ಮಧ್ಯಮ ಪುರುಷ ಬಹುವಚನದಲ್ಲಿ ಇಂಡಿಕೇಟಿವ್‌ಗೂ ಇಂಪರೇಟಿವ್‌ಗೂ ಕೊನೆಯ ‘ಎತೆ’ ಒಂದೇ. ಇಂಡಿಕೇಟಿವ್ ಅಂದರೆ ಹೇಳಿಕೆಯ ರೂಪ, ಇಂಪರೇಟಿವ್ ಅಂದರೆ ಆಜ್ಞೆಯ ರೂಪ. ಏಕವಚನದಲ್ಲಿ ಈ ತೊಂದರೆ ಇಲ್ಲ. ‘ನಂಬುತ್ತೀ’ ಅನ್ನೋದಕ್ಕೆ ಪಿಸ್ತ್ಯೂಎಯ್ಸ್, ‘ನಂಬು’ ಅನ್ನೋದಕ್ಕೆ ಪಿಸ್ತ್ಯೂಎ. ಯೇಸು ಇಲ್ಲಿ ಶಿಷ್ಯರೆಲ್ಲರಿಗೂ ಹೇಳುತ್ತಿದ್ದಾನೆ, ಅದಕ್ಕೇ ಗಂಟು.

ನಮ್ಮ ಮಾತಲ್ಲೂ ಇಂಥದ್ದಿದೆ. ‘ಊಟ ಮಾಡಿ’ ಅಂದರೆ ಏನು? ಅಲ್ಲಿಗೇ ನಿಲ್ಲಿಸಿದರೆ ಅದು ಕರೆ. ‘ಊಟ ಮಾಡಿ ಹೊರಟರು’ ಅಂದರೆ ಆಗಿಹೋದ ಕೆಲಸ. ‘ಮಾಡಿ’ಯನ್ನು ಎಷ್ಟು ದಿಟ್ಟಿಸಿದರೂ ಗೊತ್ತಾಗಲ್ಲ, ಅಕ್ಕಪಕ್ಕ ನೋಡಬೇಕು.

ಮೊದಲು ನೋಡಬೇಕಾದ್ದು ‘ಇಲ್ಲ’, ‘ಬೇಡ’ ಅನ್ನುವ ಪದ. ಅದೇ ಸುವಾರ್ತೆಯ 10ನೇ ಅಧ್ಯಾಯ ತೆಗೆಯಿರಿ. 26ನೇ ವಚನದಲ್ಲಿ ‘ಊ ಪಿಸ್ತ್ಯೂಎತೆ’, ನೀವು ನಂಬುವುದಿಲ್ಲ. 37ರಲ್ಲಿ ‘ಮೇ ಪಿಸ್ತ್ಯೂಎತೆ’, ನಂಬಬೇಡಿರಿ. ಕ್ರಿಯಾಪದ ಒಂದಕ್ಷರವೂ ಬದಲಾಗಿಲ್ಲ, ಹಿಂದಿನ ಪುಟ್ಟ ಪದವೇ ತೀರ್ಪು ಕೊಟ್ಟಿದೆ. 14:1ರಲ್ಲಿ ನಮ್ಮ ಎರಡು ಕ್ರಿಯಾಪದಗಳಿಗೂ ಆ ಆಸರೆ ಇಲ್ಲ.

ಒಬ್ಬ ಸಭಾಪಾಲಕರು:
ಆ ವಚನದಲ್ಲೇ ‘ಮೇ’ ಇದೆಯಲ್ಲ ಮೇಡಂ! ‘ಮೇ ತರಸ್ಸೆಸ್ಥೋ’, ಹೃದಯ ಕಳವಳಗೊಳ್ಳದಿರಲಿ. ಅಂದ್ಮೇಲೆ ಇಂಪರೇಟಿವ್ ಖಂಡಿತ.

ಗ್ರೀಕ್ ಬೋಧಕಿ:
ಅಯ್ಯನವರೇ, ಆ ‘ಮೇ’ ಸೇರುವುದು ‘ತರಸ್ಸೆಸ್ಥೋ’ಗೆ ಮಾತ್ರ. ಆ ರೂಪ ಹೇಗೂ ಸಂಶಯವಿಲ್ಲದ ಇಂಪರೇಟಿವ್. ಮುಂದಿನ ಕ್ರಿಯಾಪದದ ಪಾರ್ಸಿಂಗನ್ನು ಅದು ತೀರ್ಮಾನಿಸಲ್ಲ. ಆದರೆ ನಿಮ್ಮ ಮಾತಲ್ಲಿ ಹುರುಳಿದೆ. ‘ಕಳವಳ ಬೇಡ’ ಅಂತ ಶುರುವಾದ ಮಾತು ‘ನಂಬಿರಿ, ನನ್ನನ್ನೂ ನಂಬಿರಿ’ ಅಂತ ಮುಂದುವರಿಯುವುದು ಸಹಜ. ಜೊತೆಗೆ 11ನೇ ವಚನದಲ್ಲಿ ‘ಪಿಸ್ತ್ಯೂಎತೆ ಮೊಯ್’ ಇದೆ. ಅಲ್ಲಿ ‘ಇಲ್ಲವಾದರೆ ಕ್ರಿಯೆಗಳನ್ನಾದರೂ ನೋಡಿ ನಂಬಿರಿ’ ಅಂತ ಬರುವುದರಿಂದ ಅದು ಆಜ್ಞೆಯೇ. ಈ ಎರಡು ಕಾರಣಕ್ಕೆ ನಾನು ಎರಡನ್ನೂ ಇಂಪರೇಟಿವ್ ಅಂತಲೇ ಓದುತ್ತೇನೆ.

ಲ್ಯಾಟಿನ್ ಓದಿದ ಒಬ್ಬ ಬ್ರದರ್:
ನನಗೆ ಒಪ್ಪಿಗೆಯಿಲ್ಲ. ಲ್ಯಾಟಿನ್‌ನಲ್ಲಿ ಎರಡಕ್ಕೂ ಬೇರೆ ಬೇರೆ ರೂಪ ಇರುವುದರಿಂದ ಅನುವಾದಕ ಆರಿಸಲೇಬೇಕಿತ್ತು. ಲ್ಯಾಟಿನ್ ಬೈಬಲಾದ ವುಲ್ಗಾತದಲ್ಲಿ ಮೊದಲು ‘ಕ್ರೇದಿತಿಸ್’, ಆಮೇಲೆ ‘ಕ್ರೇದಿತೆ’. ನಂಬುತ್ತೀರಿ, ನಂಬಿರಿ. ಶಿಷ್ಯರು ಯೆಹೂದ್ಯರು, ದೇವರನ್ನು ಮೊದಲಿಂದಲೂ ನಂಬಿದವರು. ಅವರಿಗೆ ಹೊಸದಾಗಿ ‘ದೇವರನ್ನು ನಂಬಿರಿ’ ಅಂತ ಯಾಕೆ ಹೇಳಬೇಕು?

ಗ್ರೀಕ್ ಬೋಧಕಿ:
ಒಳ್ಳೆಯ ಪ್ರಶ್ನೆ, ಬ್ರದರ್. ಆದರೆ ವರ್ತಮಾನದ ಇಂಪರೇಟಿವ್ ‘ಈಗಿಂದ ಶುರು ಮಾಡಿ’ ಅಂತಲೇ ಆಗಬೇಕಿಲ್ಲ, ‘ನಂಬುತ್ತಲೇ ಇರಿ’ ಅಂತಲೂ ಆಗುತ್ತೆ. ಗುರು ಹೊರಟುಹೋಗುವ ರಾತ್ರಿ ಅದು, ಆಗ ಆ ಮಾತು ಬೇಕಲ್ವಾ? ಆದರೂ ನಿಮ್ಮ ಓದನ್ನು ವ್ಯಾಕರಣ ತಳ್ಳಿಹಾಕಲ್ಲ.

ಸಂಡೇ ಸ್ಕೂಲ್ ಶಿಕ್ಷಕಿ:
ನಮ್ಮ ಕ್ಲಾಸಿನ ಗೋಡೆ ಮೇಲೆ ‘ಶಾಸ್ತ್ರಗಳನ್ನು ಪರಿಶೋಧಿಸಿರಿ, ಯೋಹಾನ 5:39’ ಅಂತ ಬರೆಸಿದ್ದೇವೆ. ಅದೂ ಹೀಗೇನಾ? ಮಕ್ಕಳಿಗೆ ಬಾಯಿಪಾಠ ಮಾಡಿಸಿಬಿಟ್ಟಿದ್ದೀನಿ.

ಗ್ರೀಕ್ ಬೋಧಕಿ:
ಹೌದಮ್ಮ, ‘ಎರೌನಾತೆ’ಯಲ್ಲೂ ಇದೇ ಗಂಟು. ಅಲ್ಲಿ ನಾನು ‘ಪರಿಶೋಧಿಸುತ್ತೀರಿ’ ಅಂತ ಓದುತ್ತೇನೆ. ‘ಯಾಕಂದರೆ ಅವುಗಳಲ್ಲಿ ನಿತ್ಯಜೀವ ಇದೆ ಅಂತ ನೆನಸುತ್ತೀರಿ’ ಅಂತ ಕಾರಣ ಕೊಟ್ಟು, ಮುಂದಿನ ವಚನದಲ್ಲಿ ‘ಆದರೂ ನನ್ನ ಬಳಿಗೆ ಬರಲು ನಿಮಗೆ ಮನಸ್ಸಿಲ್ಲ’ ಅಂತ ದೂರುತ್ತಾನೆ. ಓದುತ್ತಾರೆ, ಬರುವುದಿಲ್ಲ. ದೂರು ಇರುವುದೇ ಅಲ್ಲಿ.

ವಿದ್ಯಾರ್ಥಿ:
ಹಾಗಾದರೆ ಪರೀಕ್ಷೆಯಲ್ಲಿ, ಮೇಡಂ?

ಗ್ರೀಕ್ ಬೋಧಕಿ:
‘ವರ್ತಮಾನ, ಆಕ್ಟಿವ್, ಇಂಡಿಕೇಟಿವ್ ಅಥವಾ ಇಂಪರೇಟಿವ್, ಮಧ್ಯಮ ಪುರುಷ ಬಹುವಚನ’ ಅಂತ ಬರೆಯಿರಿ. ಕೆಳಗೆ ಒಂದು ಸಾಲಲ್ಲಿ ನಿಮ್ಮ ಆಯ್ಕೆ, ಅದರ ಕಾರಣ. ಎರಡನೇ ‘ಪಿಸ್ತ್ಯೂಎತೆ’ಗೆ ಇಂಪರೇಟಿವ್ ಅನ್ನಲು ಜಾಸ್ತಿ ಹಿಂಜರಿಯಬೇಡಿ, ಬ್ರದರ್ ಕೂಡ ಅದನ್ನು ಒಪ್ಪಿದ್ದಾರೆ. ಮೊದಲನೆಯದಕ್ಕೆ ಅವರ ದಾರಿ ಹಿಡಿದು ಕಾರಣ ಕೊಟ್ಟರೂ ನಾನು ಅಂಕ ಕಳೆಯಲ್ಲ. ಸುಮ್ನೆ ‘ಕನ್ನಡ ಬೈಬಲಲ್ಲಿ ಹಾಗಿದೆ’ ಅಂತ ಬರೆದರೆ ಮಾತ್ರ ಕಳೆಯುತ್ತೇನೆ.

ಬ್ರದರ್:
ನಾನು ಮಾತ್ರ ‘ಕ್ರೇದಿತಿಸ್’ ಬಿಡಲ್ಲ, ಮೇಡಂ.