ಮಳೆಮಾಪಕದ ಅಲರ್ಟ್‌ಗಳನ್ನು ದಿನಕ್ಕೊಂದು ಸಂದೇಶ ಮಾಡುವುದು ಹೇಗೆ? ಅನುಭವ ಇದ್ದವರು ಹೇಳಿ

ಸೋಮವಾರಪೇಟೆ ತೋಟ (ಕೇಳಿದವರು): ಮಳೆಮಾಪಕದ ಬಕೆಟ್ ಒಮ್ಮೆ ಮಗುಚಿದರೆ ಒಂದು ಸೆಂಟ್ ಮಳೆ, ಫೋನಿಗೆ ಒಂದು ಅಲರ್ಟ್. ಎರಡು ಇಂಚು ಬಿದ್ದ ದಿನ ಇನ್ನೂರು ಸಲ ಟಿಂಗ್ ಟಿಂಗ್. ಟ್ಯಾಂಕ್, ಪಂಪು, ಸೋಲಾರ್ ಬೇಲಿಯದೂ ಅದರಲ್ಲೇ ಸೇರಿ ಬರುತ್ತವೆ. ಎಲ್ಲವನ್ನೂ ಬೆಳಿಗ್ಗೆ ಒಂದೇ ಸಂದೇಶವಾಗಿ ಪಡೆಯಬೇಕು. ಮನೆಯಲ್ಲಿ ರಾಸ್ಪ್‌ಬೆರಿ ಪೈ ಇದೆ, ಮಾಹಿತಿ SQLite ನಲ್ಲಿ ಕೂರುತ್ತದೆ. ಮಾಡಿದವರು ಯಾರಾದರೂ ಇದ್ದೀರಾ?

ವಿರಾಜಪೇಟೆ: ಇದಕ್ಕೆ ಪ್ರೋಗ್ರಾಂ ಯಾಕೆ ಸರ್? ಐಫೋನಿನಲ್ಲಿ Scheduled Summary ಅಂತ ಇದೆ. ಆನ್ ಮಾಡಿ ಆಪ್ ಆರಿಸಿ ಹೊತ್ತು ಕೊಟ್ಟರೆ ಆ ಆಪ್‌ನ ನೋಟಿಫಿಕೇಶನ್ ಆ ಹೊತ್ತಿಗೆ ಒಟ್ಟಿಗೆ ಬರುತ್ತವೆ. ಐದು ನಿಮಿಷದ ಕೆಲಸ.

ಮಡಿಕೇರಿ: ಸದ್ದು ನಿಲ್ಲಿಸುವುದಕ್ಕೆ ಅದು ಸಾಕು, ಲೆಕ್ಕಕ್ಕೆ ಸಾಲದು. ಫೋನು ಇನ್ನೂರು ಅಲರ್ಟನ್ನು ಒಂದು ಕಟ್ಟು ಮಾಡಿ ಇಡುತ್ತದೆ, ಕೂಡಿಸಿ "2 ಇಂಚು" ಅಂತ ಹೇಳುವುದಿಲ್ಲ. ಮನೆಯಲ್ಲಿ ನಾಲ್ಕು ಜನರಿಗೆ ಫೋನ್ ಇದ್ದರೆ ನಾಲ್ಕರಲ್ಲೂ ಬೇರೆ ಬೇರೆ ಸೆಟ್ ಮಾಡಬೇಕು. ಕೂಡಿಸುವ ಕೆಲಸ ಪೈಯಲ್ಲೇ ಆಗಲಿ.

ಮೊದಲು ಒಟ್ಟುಗೂಡಿಸಬಾರದ್ದನ್ನು ಹೊರಗಿಡಿ. ಬೇಲಿಯ ವೋಲ್ಟೇಜ್ ಬಿದ್ದದ್ದು ಮತ್ತು ಪಂಪು ನೀರಿಲ್ಲದೆ ಓಡುತ್ತಿರುವುದು ಕೂಡಲೇ ಬರಬೇಕು. ಆನೆ ಬಂದುಹೋದ ಸುದ್ದಿ ಬೆಳಿಗ್ಗೆ ಸಿಕ್ಕಿ ಏನು ಉಪಯೋಗ? ಮಳೆ, ಟ್ಯಾಂಕಿನ ಮಟ್ಟ, ಪಂಪು ಎಷ್ಟು ಹೊತ್ತು ಓಡಿತು ಎಂಬುದು, ಈ ಮೂರು ದಿನದ ಸಂದೇಶಕ್ಕೆ.

ಇನ್ನು ದಿನ ಎಲ್ಲಿ ಮುಗಿಯುತ್ತದೆ ಎಂಬುದು. ನಡುರಾತ್ರಿ ಹನ್ನೆರಡಕ್ಕೆ ಕತ್ತರಿಸಬೇಡಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಹಾಗೆಯೇ ಎಣಿಸಿದರೆ ಅವರ ಅಂಕಿಯ ಪಕ್ಕದಲ್ಲಿ ನಿಮ್ಮದನ್ನು ಇಡಬಹುದು. ಡೇಟಾಬೇಸಿನಲ್ಲಿ ಹೊತ್ತು UTC ಯಲ್ಲಿದ್ದರೆ 8.30 ಅಂದರೆ 03:00.

```
SELECT COUNT(*) FROM events
WHERE kind = 'rain'
  AND at >= :from AND at < :to;
```

ಕೊನೆಯಲ್ಲಿ `<` ಇರುವುದನ್ನು ಗಮನಿಸಿ. `BETWEEN` ಬಳಸಿದರೆ ಸರಿಯಾಗಿ 8.30ಕ್ಕೆ ಮಗುಚಿದ ಬಕೆಟ್ ಎರಡೂ ದಿನದ ಲೆಕ್ಕಕ್ಕೆ ಸೇರುತ್ತದೆ.

ಕಕ್ಕಬ್ಬೆ: ನಮ್ಮದು ಹೋಮ್‌ಸ್ಟೇ. ಬುಕಿಂಗ್ ಅಲರ್ಟನ್ನೂ ಹೀಗೆ ಬೆಳಿಗ್ಗೆ ಒಂದಕ್ಕೆ ಇಳಿಸಬಹುದಾ? ತಲೆನೋವಾಗಿದೆ.

ಮಡಿಕೇರಿ: ಸಂಜೆ ಏಳಕ್ಕೆ ಬುಕ್ ಮಾಡಿದವರು ಒಂಬತ್ತಕ್ಕೆ ಗೇಟಿನ ಮುಂದೆ ಇರುತ್ತಾರಲ್ಲ! ಇವತ್ತು, ನಾಳೆಯ ತಾರೀಕಿನ ಬುಕಿಂಗ್ ಮತ್ತು ರದ್ದು ಕೂಡಲೇ ಬರಲಿ. ಮುಂದಿನ ವಾರದ್ದು, ವಿಮರ್ಶೆ, ವಿಚಾರಣೆ ಬೆಳಿಗ್ಗೆಗೆ ಕಾಯಲಿ.

ಸೋಮವಾರಪೇಟೆ ತೋಟ: ಲೆಕ್ಕ ಸಿಕ್ಕಿತು, ಥ್ಯಾಂಕ್ಸ್. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಒಂದೂವರೆ ದಿನ ಬರುವುದಿಲ್ಲ. ಮಾಪಕಕ್ಕೆ ಬ್ಯಾಟರಿ ಇದೆ, ಪೈಗೆ ಇಲ್ಲ. ಆಗ ಏನಾಗುತ್ತದೆ?

ಮಡಿಕೇರಿ: ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲಿಯೇ. ಒಂದು ಉದಾಹರಣೆ ಹಿಡಿಯೋಣ. ಸೋಮವಾರ 8.30ಕ್ಕೆ ಎಣಿಕೆ ಶುರು. ರಾತ್ರಿ ಹತ್ತರವರೆಗೆ 62 ಸೆಂಟ್ ದಾಖಲಾಯಿತು, ಆಮೇಲೆ ಕರೆಂಟ್ ಹೋಯಿತು. ಮಂಗಳವಾರ ಮಧ್ಯಾಹ್ನ ಪೈ ಎದ್ದಿತು. ಕ್ರಾನ್ ಹಾಕಿದ್ದರೆ ಮಂಗಳವಾರದ ಸಂದೇಶ ಬರುವುದೇ ಇಲ್ಲ, ತಪ್ಪಿದ ಹೊತ್ತಿನ ಕೆಲಸವನ್ನು ಕ್ರಾನ್ ಮತ್ತೆ ಮಾಡುವುದಿಲ್ಲ. ಅದಕ್ಕೆ systemd ಟೈಮರ್ ಹಾಕಿ:

```
[Timer]
OnCalendar=*-*-* 08:45:00 Asia/Kolkata
Persistent=true
```

`Persistent` ಇದ್ದರೆ ಪೈ ಎದ್ದ ಕೂಡಲೇ ತಪ್ಪಿದ ಕೆಲಸ ನಡೆಯುತ್ತದೆ. ಆದರೆ ಮೂರು ದಿನ ತಪ್ಪಿದ್ದರೂ ನಡೆಯುವುದು ಒಂದೇ ಸಲ. ಹಾಗಾಗಿ ಪ್ರೋಗ್ರಾಂ "ಇವತ್ತಿನದು ಕಳಿಸು" ಅನ್ನಬಾರದು, "ಕೊನೆಗೆ ಕಳಿಸಿದ ದಿನ ಯಾವುದು, ಅಲ್ಲಿಂದ ಬಾಕಿ ಇರುವ ದಿನ ಎಷ್ಟು" ಅಂತ ನೋಡಿ ಒಂದೊಂದಾಗಿ ಕಳಿಸಬೇಕು. ಸಂದೇಶ ಹೋದದ್ದು ಖಾತ್ರಿಯಾದ ಮೇಲೆಯೇ ಆ ದಿನಕ್ಕೆ ಗುರುತು ಹಾಕಿ. ಮೊದಲೇ ಹಾಕಿದರೆ ನೆಟ್ ಇಲ್ಲದ ದಿನದ ಸಂದೇಶ ಯಾರಿಗೂ ಹೋಗದೆ "ಕಳಿಸಲಾಗಿದೆ" ಅಂತ ಉಳಿಯುತ್ತದೆ. ಖಾತ್ರಿ ಬರುವ ಮೊದಲು ನೆಟ್ ಹೋದರೆ ಒಂದೇ ಸಂದೇಶ ಎರಡು ಸಲ ಬಂದೀತು. ತಲೆಬರಹದಲ್ಲಿ ತಾರೀಕು ಇದ್ದರೆ ಅದರಿಂದ ತೊಂದರೆ ಇಲ್ಲ.

ಈಗ ಮುಖ್ಯ ಸಂಗತಿ. ಮಾಪಕ ರಾತ್ರಿಯ ಮಳೆಯನ್ನು ತನ್ನಲ್ಲೇ ಇಟ್ಟುಕೊಂಡಿತ್ತು. ಪೈ ಎದ್ದ ಕೂಡಲೇ 62 ಸೆಂಟ್ ಅಂತ ಸಂದೇಶ ಹೋಯಿತು, ಹತ್ತು ನಿಮಿಷ ಬಿಟ್ಟು ಉಳಿದ 152 ಬಂದು ಸೇರಿತು. ಅವುಗಳ ಮೇಲೆ ಸೋಮವಾರ ರಾತ್ರಿಯ ಹೊತ್ತು ಇದೆ, ಆ ದಿನದ ಸಂದೇಶ ಹೋಗಿ ಆಯಿತು, ಬುಧವಾರದ ಲೆಕ್ಕಕ್ಕೂ ಅವು ಬರುವುದಿಲ್ಲ. ಎರಡರ ನಡುವೆ ಬಿದ್ದು ಹೋದವು. ಆದ್ದರಿಂದ ಪ್ರತಿ ಸಾಲಿಗೂ ಮಳೆ ಬಿದ್ದ ಹೊತ್ತು ಒಂದು, ಪೈಗೆ ತಲುಪಿದ ಹೊತ್ತು ಇನ್ನೊಂದು ಇಡಿ. ಕೂಡಿಸುವುದು ಬಿದ್ದ ಹೊತ್ತಿನ ಮೇಲೆ. ಕಳಿಸಿದ ಅಂಕಿಯನ್ನೂ ಬರೆದಿಟ್ಟು, ಮರುದಿನ ಹಿಂದಿನ ಏಳು ದಿನವನ್ನು ಮತ್ತೆ ಕೂಡಿಸಿ. ಅಂಕಿ ಬದಲಾಗಿದ್ದರೆ ಬುಧವಾರದ ಸಂದೇಶದಲ್ಲಿ ಒಂದು ಸಾಲು ಬರಲಿ: "ಸೋಮವಾರದ ತಿದ್ದುಪಡಿ: 62 ಅಲ್ಲ, 214 ಸೆಂಟ್."

ಕುಶಾಲನಗರ: ಒಂದು ಸೇರಿಸುತ್ತೇನೆ. ಮಾಪಕದಲ್ಲಿ ESP32 ಇದ್ದು, ಅದಕ್ಕೆ ಬೇರೆ ಗಡಿಯಾರ ಇಲ್ಲದಿದ್ದರೆ, ನೆಟ್ ಇಲ್ಲದಾಗ ಪವರ್ ಪೂರ್ತಿ ಹೋಗಿ ರೀಸ್ಟಾರ್ಟ್ ಆದರೆ ಅದರ ಹೊತ್ತು 1970ರಿಂದ ಶುರುವಾಗುತ್ತದೆ. ಆ ಮಳೆ ಯಾವ ದಿನಕ್ಕೂ ಸೇರುವುದಿಲ್ಲ. ಡೇಟಾಬೇಸಿನಲ್ಲಿ 1970ರ ಸಾಲು ಇವೆಯಾ ಅಂತ ನೋಡಿ. ಇದ್ದರೆ DS3231 ಗಡಿಯಾರದ ಮಾಡ್ಯೂಲ್ ಹಾಕಿಸಿ.

ಗೋಣಿಕೊಪ್ಪ: ಮಳೆ ಇಲ್ಲದ ದಿನ ಸಂದೇಶ ಬೇಡ ಅಂತ ಬಿಟ್ಟುಬಿಡಿ, ಸುಮ್ಮನೆ ಯಾಕೆ?

ಮಡಿಕೇರಿ: ಬೇಡ ಸರ್, ಸೊನ್ನೆಯೂ ಬರಲಿ. ಸಂದೇಶ ಬರದಿದ್ದರೆ ಮಳೆ ಇಲ್ಲವೋ ಪೈ ಸತ್ತಿದೆಯೋ ಗೊತ್ತಾಗುವುದು ಹೇಗೆ? "0 ಸೆಂಟ್, ಮಾಪಕ ಕೊನೆಗೆ ಮಾತಾಡಿದ್ದು 8.22ಕ್ಕೆ" ಅಂತಿರಲಿ. ಅದಕ್ಕೆ ಮಳೆ ಇಲ್ಲದಾಗಲೂ ಮಾಪಕ ಗಂಟೆಗೊಮ್ಮೆಯಾದರೂ "ಇದ್ದೇನೆ" ಅಂತ ಕಳಿಸುತ್ತಿರಬೇಕು.

ಗೋಣಿಕೊಪ್ಪ: ಸರಿ, ಒಪ್ಪಿದೆ. ಆದರೆ ಒಟ್ಟು ಮಾತ್ರ ಕಳಿಸಿದರೆ ಇನ್ನೊಂದು ಮುಚ್ಚಿಹೋಗುತ್ತದೆ. ಮಾಪಕದ ಬಾಯಿಗೆ ಸಿಲ್ವರ್ ಓಕ್ ಎಲೆ ಕೂತರೆ ನೀರು ಒಳಗೆ ನಿಂತು ನಿಧಾನ ಇಳಿಯುತ್ತದೆ. ಮಳೆ ನಿಂತು ಮೂರು ಗಂಟೆ ಆದರೂ ಐದಾರು ನಿಮಿಷಕ್ಕೊಂದರಂತೆ ಬಕೆಟ್ ಮಗುಚುತ್ತಲೇ ಇರುತ್ತದೆ, ಅದೂ ಗಡಿಯಾರದ ಹಾಗೆ. ನಿಜವಾದ ಮಳೆ ಹಾಗೆ ಬೀಳುವುದಿಲ್ಲ, ಒಮ್ಮೆ ಜೋರು ಒಮ್ಮೆ ಸಣ್ಣ. ಒಂದೊಂದೇ ಅಲರ್ಟ್ ಬರುತ್ತಿದ್ದಾಗ ಹೊರಗೆ ಬಿಸಿಲು, ಫೋನಿನಲ್ಲಿ ಮಳೆ ಅಂತ ತಿಳಿಯುತ್ತಿತ್ತು. ದಿನದ ಒಟ್ಟಿನಲ್ಲಿ ತಿಳಿಯುವುದಿಲ್ಲ.

ಮಡಿಕೇರಿ: ಇದು ನಾನು ಬಿಟ್ಟದ್ದು. ಹಾಗಾದರೆ ಒಟ್ಟಿನ ಜೊತೆ ಮೊದಲ ಹನಿ, ಕೊನೆಯ ಹನಿಯ ಹೊತ್ತು, ಅತಿ ಜೋರು ಬಿದ್ದ ಒಂದು ಗಂಟೆಯ ಅಂಕಿ ಸೇರಿಸಿ. ಮೂರು ಸಾಲು ಸಾಕು, ಗ್ರಾಫ್ ಬೇಡ.

ಸಿದ್ದಾಪುರ ರೈಟರ್: ಎಲ್ಲ ಸರಿ, 8.45 ಮಾತ್ರ ನಮಗೆ ತಡ. ಗೊಬ್ಬರ ಹಾಕುವುದೋ ಬೇಡವೋ ಅಂತ ಮೇಸ್ತ್ರಿ ಜನ ಹಂಚುವುದು ಅದಕ್ಕಿಂತ ಮೊದಲು. ಅಷ್ಟು ಹೊತ್ತಿಗೆ ಸಂದೇಶ ಬಂದರೆ ಜನ ಆಗಲೇ ಗೊಬ್ಬರದ ಚೀಲ ಹೊತ್ತು ತೋಟದೊಳಗೆ ಇರುತ್ತಾರೆ.

ಮಡಿಕೇರಿ: ಆರು ಗಂಟೆಗೆ "ನಿನ್ನೆ 8.30ರಿಂದ ಈವರೆಗೆ" ಅಂತ ಒಂದು ಕಳಿಸಬಹುದು. ಆದರೆ ಆಗ ದಿನಕ್ಕೆ ಎರಡಾಯಿತು, ಒಂದೇ ದಿನಕ್ಕೆ ಎರಡು ಅಂಕಿ ಓಡಾಡಿ ರಿಜಿಸ್ಟರಿಗೆ ಯಾವುದನ್ನು ಬರೆದರು ಅಂತ ಗೊಂದಲ.

ಸಿದ್ದಾಪುರ ರೈಟರ್: ದಿನವನ್ನೇ ಆರಕ್ಕೆ ಮುಗಿಸಿದರೆ ಒಂದೇ ಸಾಕಲ್ಲ. ಇಲಾಖೆಯ ಅಂಕಿಗೆ ಹೊಂದಿಸಿ ನಮಗೇನಾಗಬೇಕು?

ಸೋಮವಾರಪೇಟೆ ತೋಟ: ನಮ್ಮಲ್ಲಿ ಅಜ್ಜನ ಕಾಲದ ಮಳೆ ರಿಜಿಸ್ಟರ್ 8.30ರ ಲೆಕ್ಕದ್ದೇ, ಅದನ್ನು ಮುರಿಯಲು ಮನಸ್ಸಿಲ್ಲ. ಸದ್ಯಕ್ಕೆ 8.45 ಇಡುತ್ತೇನೆ. ಬೆಳಿಗ್ಗೆ ಆರಕ್ಕೆ ಬೇಕಾದವರು ಕೇಳಿದರೆ ಮಾತ್ರ ಪೈ ಉತ್ತರ ಕೊಡುವ ಹಾಗೆ ಮಾಡಲು ಆಗುತ್ತದಾ ನೋಡುತ್ತೇನೆ. ಡೇಟಾಬೇಸಿನಲ್ಲಿ 1970ರ ಸಾಲು ಹುಡುಕಿದೆ, 31 ಇವೆ.