ಪರದೆಯ ಮೇಲೆ ಓದುವ ಬಾರ್‌ಕೋಡ್, ಮುದ್ರಿಸಿದ ಲೇಬಲ್‌ನಲ್ಲಿ ಓದುತ್ತಿಲ್ಲ

ಲೇಬಲ್‌ಚಿಂತೆ:
ನಮಸ್ಕಾರ. ನಮ್ಮ ಚಿಕ್ಕ ಅಂಗಡಿಯ ಪ್ರತಿಯೊಂದು ಸರಕಿಗೂ ಬಾರ್‌ಕೋಡ್ ಅಂಟಿಸಿ, ಫೋನಿನಿಂದಲೇ ಸ್ಕ್ಯಾನ್ ಮಾಡಿ ದಾಸ್ತಾನಿನ ಲೆಕ್ಕ ಇಡಬೇಕೆಂದು ಹೊರಟಿದ್ದೇನೆ. ಕೋಡ್‌ಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಪರೀಕ್ಷಿಸಿದಾಗ ಎಲ್ಲವೂ ತಕ್ಷಣ ಓದಿದವು. ಅವನ್ನೇ ಮುದ್ರಿಸಿ ಅಂಟಿಸಿದ ಮೇಲೆ ಕೆಲವು ಓದುತ್ತವೆ, ಕೆಲವು ಎಷ್ಟು ಹೊತ್ತು ಹಿಡಿದರೂ ಓದುವುದೇ ಇಲ್ಲ. ಆ್ಯಪ್ ಬದಲಿಸಿದೆ, ಬೇರೆ ಫೋನಿನಲ್ಲಿಯೂ ನೋಡಿದೆ, ಫಲಿತಾಂಶ ಬದಲಾಗಲಿಲ್ಲ. ಕೆಲಸ ಅರ್ಧಕ್ಕೆ ನಿಂತು ಬೇಸರವಾಗಿದೆ. ದಯವಿಟ್ಟು ನಂಬಬಹುದಾದ ಸ್ಕ್ಯಾನಿಂಗ್ ಆ್ಯಪ್ ಯಾವುದೆಂದು ತಿಳಿಸಿ.

ಕಪ್ಪುಬಿಳುಪು:
ಆ್ಯಪ್ ಹುಡುಕುವುದನ್ನು ಬಿಟ್ಟು ಕ್ಯೂಆರ್‌ಗೆ ಬದಲಾಯಿಸಿಕೊಳ್ಳಿ. ಅದರಲ್ಲಿ ದೋಷ ಸರಿಪಡಿಸುವ ಮಟ್ಟವನ್ನು H ಎಂದು ಆರಿಸಿಕೊಂಡರೆ, ಸುಮಾರು ಶೇಕಡಾ 30ರಷ್ಟು ಭಾಗ ಹಾಳಾದರೂ ಫೋನ್ ಓದುತ್ತದೆ. ಗೆರೆಯ ಬಾರ್‌ಕೋಡ್‌ಗೆ ಆ ಶಕ್ತಿ ಇಲ್ಲ. ಫೋನ್ ಕ್ಯಾಮೆರಾ ಇರುವಾಗ ಗೆರೆಗಳನ್ನೇ ಹಿಡಿದುಕೊಂಡು ಕೂರಲು ಕಾರಣವೇ ಇಲ್ಲ.

ಬಿಸಿಮುದ್ರಣ:
ಇದು ಮುದ್ರಣದ ಬಿಸಿಯ ಸಮಸ್ಯೆ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಥರ್ಮಲ್ ಪ್ರಿಂಟರ್‌ನಲ್ಲಿ ಡಾರ್ಕ್‌ನೆಸ್ ಹೆಚ್ಚಾದರೆ ಕಪ್ಪು ಗೆರೆ ಹರಡಿಕೊಂಡು ನಡುವಿನ ಬಿಳಿ ಜಾಗವನ್ನು ನುಂಗುತ್ತದೆ. ಡಾರ್ಕ್‌ನೆಸ್ ಎರಡು ಮಟ್ಟ ಇಳಿಸಿ, ವೇಗವನ್ನೂ ಕಡಿಮೆ ಮಾಡಿ, ಮತ್ತೆ ಮುದ್ರಿಸಿ ನೋಡಿ.

ಚುಕ್ಕಿಲೆಕ್ಕ:
ಉತ್ತರ ಹೇಳುವ ಮೊದಲು ನಾಲ್ಕು ವಿಷಯ ತಿಳಿಯಬೇಕು. ಲೇಬಲ್‌ನ ಅಳತೆ ಎಷ್ಟು, ಪ್ರಿಂಟರ್ ಎಷ್ಟು ಡಿಪಿಐನದು, ಕೋಡ್‌ನೊಳಗೆ ಏನು ಬರೆದಿದ್ದೀರಿ, ಮತ್ತು ಅದನ್ನು ಚಿತ್ರವಾಗಿ ಅಂಟಿಸಿದ್ದೀರೋ ಅಥವಾ ಪ್ರಿಂಟರ್ ತಾನೇ ಬರೆಯುವಂತೆ ಆಜ್ಞೆ ಕಳಿಸಿದ್ದೀರೋ? ಇವೆಲ್ಲಕ್ಕಿಂತ ಮುಖ್ಯವಾಗಿ, ಓದದ ಒಂದು ಲೇಬಲ್ ಅನ್ನು ಹಾಗೆಯೇ ಇನ್ನೊಮ್ಮೆ ಮುದ್ರಿಸಿದರೆ ಎರಡನೆಯದು ಓದುತ್ತದೆಯೇ, ಇಲ್ಲವೇ ಅದೂ ಓದುವುದಿಲ್ಲವೇ?

ಲೇಬಲ್‌ಚಿಂತೆ:
ಡಾರ್ಕ್‌ನೆಸ್ ಇಳಿಸಿದೆ. ಗೆರೆಗಳು ಮಾಸಲಾದವೇ ಹೊರತು ಓದದವು ಓದಲಿಲ್ಲ. ಲೇಬಲ್ 38 ಮಿ.ಮೀ. ಅಗಲ, 25 ಮಿ.ಮೀ. ಎತ್ತರದ್ದು, ಪ್ರಿಂಟರ್ 203 ಡಿಪಿಐನದು. ಕೋಡ್ 128 ಬಳಸಿದ್ದೇನೆ, ಒಳಗಿರುವುದು BAG-BLU-42-M ಎಂಬಂತಹ ನಮ್ಮದೇ ಸರಕು ಸಂಕೇತ. ಜಾಲತಾಣವೊಂದರಲ್ಲಿ ಚಿತ್ರವಾಗಿ ತಯಾರಿಸಿ, ಲೇಬಲ್ ಹಾಳೆಯಲ್ಲಿ ಎರಡೂ ಬದಿ 2 ಮಿ.ಮೀ. ಬಿಟ್ಟು ಎಳೆದು ಕೂರಿಸಿದ್ದೇನೆ. ಓದದ ಲೇಬಲ್ ಅನ್ನು ಇನ್ನೊಮ್ಮೆ ಮುದ್ರಿಸಿದರೂ ಓದುವುದಿಲ್ಲ. ಓದುವವು ಹೆಚ್ಚಾಗಿ ಚಿಕ್ಕ ಸಂಕೇತ ಇರುವವು.

ಬಿಸಿಮುದ್ರಣ:
ಡಾರ್ಕ್‌ನೆಸ್ ಇನ್ನೂ ಒಂದು ಮಟ್ಟ ಇಳಿಸಿ, ಪ್ರಿಂಟರ್ ತಲೆಯನ್ನು ಒರೆಸಿ ನೋಡಿ. ನನ್ನ ಪ್ರಿಂಟರ್ 300 ಡಿಪಿಐನದು, ಇಂತಹ ತೊಂದರೆ ಬಂದಾಗಲೆಲ್ಲ ತಲೆ ಒರೆಸಿದ ಮೇಲೆ ಸರಿಯಾಗಿದೆ.

ಚುಕ್ಕಿಲೆಕ್ಕ:
ಬಿಸಿಮುದ್ರಣ ಅವರೇ, ಬಿಸಿಯಿಂದ ಗೆರೆ ಹರಡುವುದು ನಿಜ. ಆದರೆ ಬಿಸಿಯೋ ಕೊಳೆಯೋ ಕಾರಣವಾಗಿದ್ದರೆ ಇಂದು ಓದದ ಕೋಡ್ ನಾಳೆ ಓದಬಹುದಿತ್ತು, ಕೆಟ್ಟ ಲೇಬಲ್‌ಗಳು ಬದಲಾಗುತ್ತಿದ್ದವು. ಇಲ್ಲಿ ಪ್ರತಿ ಸಲವೂ ಅದೇ ಕೋಡ್‌ಗಳು ಸೋಲುತ್ತಿವೆ. ಅಂದರೆ ತಪ್ಪು ಚಿತ್ರವನ್ನು ಚುಕ್ಕಿಗಳಾಗಿ ಇಳಿಸುವ ಹಂತದಲ್ಲಿದೆ.

203 ಡಿಪಿಐ ಪ್ರಿಂಟರ್ ಒಂದು ಮಿಲಿಮೀಟರ್‌ಗೆ 8 ಚುಕ್ಕಿ ಹಾಕುತ್ತದೆ, ಅದಕ್ಕಿಂತ ಸಣ್ಣದನ್ನು ಅದು ಬರೆಯಲಾರದು. ಅತಿ ತೆಳುವಾದ ಗೆರೆಯ ಅಗಲವನ್ನು ಒಂದು ಘಟಕ ಎಂದುಕೊಂಡರೆ, ಕೋಡ್ 128ರಲ್ಲಿ ಪ್ರತಿಯೊಂದು ಅಕ್ಷರಕ್ಕೂ 11 ಘಟಕದ ಅಗಲ ಬೇಕು. ಆರಂಭದ ಗುರುತಿಗೆ ಮತ್ತು ಪರೀಕ್ಷಾ ಅಂಕಿಗೆ ಮತ್ತೆ ತಲಾ 11, ಕೊನೆಯ ಗುರುತಿಗೆ 13. ನಿಮ್ಮ ಸಂಕೇತದಲ್ಲಿ ಅಡ್ಡಗೆರೆಗಳೂ ಸೇರಿ 12 ಅಕ್ಷರಗಳಿರುವುದರಿಂದ ಒಟ್ಟು 167 ಘಟಕಗಳಾಗುತ್ತವೆ. ಎರಡೂ ಬದಿಯ ಅಂಚು ಕಳೆದರೆ ಉಳಿಯುವುದು 34 ಮಿ.ಮೀ., ಅಂದರೆ 272 ಚುಕ್ಕಿ. ಭಾಗಿಸಿದರೆ ಒಂದು ಘಟಕಕ್ಕೆ ಸುಮಾರು 1.63 ಚುಕ್ಕಿ ಬರುತ್ತದೆ.

ಮುಕ್ಕಾಲು ಚುಕ್ಕಿ, ಅರ್ಧ ಚುಕ್ಕಿ ಎಂಬುದು ಇಲ್ಲದ ಕಾರಣ, ಒಂದೇ ಘಟಕದ ಗೆರೆ ಒಂದು ಕಡೆ 2 ಚುಕ್ಕಿ ಅಗಲವಾಗಿಯೂ ಇನ್ನೊಂದು ಕಡೆ 1 ಚುಕ್ಕಿ ಅಗಲವಾಗಿಯೂ ಮುದ್ರಣವಾಗುತ್ತದೆ. ಎರಡು ಘಟಕದ ಗೆರೆ ಎಷ್ಟೋ ಕಡೆ 3 ಚುಕ್ಕಿಗೆ ಬಂದು ನಿಲ್ಲುತ್ತದೆ. ಗೆರೆಗಳ ಅಗಲದ ಅನುಪಾತವನ್ನೇ ನಂಬಿ ಓದುವ ಸ್ಕ್ಯಾನರ್‌ಗೆ 2 ಚುಕ್ಕಿಯ ಗೆರೆ ಒಂದು ಘಟಕವೋ ಎರಡೋ ಎಂಬುದು ತಿಳಿಯುವುದಿಲ್ಲ. ಪರದೆಯ ಮೇಲೆ ಕೋಡ್ ಇಷ್ಟು ಕಿರಿದಾಗಿರಲಿಲ್ಲ, ಆದ್ದರಿಂದ ಅಲ್ಲಿ ಎಲ್ಲವೂ ಓದಿದವು. ಓದದ ಲೇಬಲ್‌ನ ಫೋಟೊವನ್ನು ಹತ್ತಿರದಿಂದ ತೆಗೆದು ಹಿಗ್ಗಿಸಿ ನೋಡಿದರೆ, ಸಮನಾಗಿರಬೇಕಾದ ತೆಳು ಬಿಳಿ ಸಂದುಗಳು ಸಮನಾಗಿಲ್ಲದಿರುವುದು ಕಣ್ಣಿಗೇ ಕಾಣುತ್ತದೆ.

ಕಪ್ಪುಬಿಳುಪು:
ಅದಕ್ಕೇ ಕ್ಯೂಆರ್ H ಬಳಸಿ ಎಂದು ಹೇಳಿದ್ದು. ನಾನು ಪ್ರತಿ ಸರಕಿಗೂ ಅದರ ವಿವರ ತೆರೆಯುವ ಕೊಂಡಿಯನ್ನೇ ಕ್ಯೂಆರ್ ಮಾಡಿ ಅಂಟಿಸಿದ್ದೇನೆ, ಎಲ್ಲವೂ H ಮಟ್ಟದಲ್ಲಿಯೇ ಇವೆ, ಒಂದೂ ಕೈಕೊಟ್ಟಿಲ್ಲ.

ಚುಕ್ಕಿಲೆಕ್ಕ:
ನಿಮ್ಮ ಲೇಬಲ್ ದೊಡ್ಡದಿರಬೇಕು. ಸುಮಾರು 50 ಅಕ್ಷರದ ಕೊಂಡಿಗೆ, ದೋಷ ಸರಿಪಡಿಸುವ ಶಕ್ತಿ H ಗಿಂತ ಕಡಿಮೆ ಇರುವ M ಮಟ್ಟದಲ್ಲಿ ಪ್ರತಿ ಬದಿಗೆ 33 ಚೌಕದ ಕ್ಯೂಆರ್ ಸಾಕು, H ಮಟ್ಟದಲ್ಲಿ 41 ಚೌಕದ್ದು ಬೇಕು. ಸುತ್ತಲೂ ನಾಲ್ಕು ಚೌಕದಷ್ಟು ಬಿಳಿ ಅಂಚು ಸೇರಿಸಿದರೆ ಅವು 41 ಮತ್ತು 49 ಆಗುತ್ತವೆ. ಇವರ ಲೇಬಲ್‌ನಲ್ಲಿ ಹೆಸರಿಗೂ ಬೆಲೆಗೂ ಜಾಗ ಬಿಟ್ಟರೆ ಎತ್ತರದಲ್ಲಿ 18 ಮಿ.ಮೀ., ಅಂದರೆ 144 ಚುಕ್ಕಿ ಉಳಿಯುತ್ತದೆ. M ಮಟ್ಟದಲ್ಲಿ ಚೌಕಕ್ಕೆ 3 ಚುಕ್ಕಿ ಸಿಗುತ್ತದೆ, H ಮಟ್ಟದಲ್ಲಿ 2 ಮಾತ್ರ. ಗೀರು ಬಿದ್ದರೂ ಓದಲಿ ಎಂದು ಮಟ್ಟ ಏರಿಸಿ, ಗೀರು ಬೀಳುವ ಮೊದಲೇ ಓದಲಾಗದಷ್ಟು ಸಣ್ಣದಾಗಿಸಿದಂತಾಗುತ್ತದೆ. ಕೊಂಡಿಯ ಬದಲು ಬರಿಯ ಆರು ಅಂಕಿ ಇದ್ದರೆ ನಿಮ್ಮ ಮಾತು ಪೂರ್ತಿ ಸರಿ. ಅದು H ಮಟ್ಟದಲ್ಲಿಯೂ 21 ಚೌಕದ ಅತಿ ಚಿಕ್ಕ ಕ್ಯೂಆರ್‌ನಲ್ಲಿಯೇ ಹಿಡಿಸುತ್ತದೆ, ಹೆಚ್ಚುವರಿ ಜಾಗ ಕೇಳುವುದಿಲ್ಲ.

ಲೇಬಲ್‌ಚಿಂತೆ ಅವರಿಗೂ ನನ್ನ ಸಲಹೆ ಅದೇ: ಕೋಡ್‌ನೊಳಗೆ ಆರು ಅಂಕಿ ಮಾತ್ರ ಇರಲಿ. ಕೋಡ್ 128ರಲ್ಲಿ ಅಂಕಿಗಳು ಜೋಡಿಜೋಡಿಯಾಗಿ ಅಡಕವಾಗುವುದರಿಂದ ಆರು ಅಂಕಿಗೆ 68 ಘಟಕ ಸಾಕು. ಘಟಕಕ್ಕೆ 3 ಚುಕ್ಕಿ ಕೊಟ್ಟರೆ 204 ಚುಕ್ಕಿ, ಅಂದರೆ 25.5 ಮಿ.ಮೀ. ಆಗುತ್ತದೆ. ಎರಡೂ ಬದಿ 10 ಘಟಕದಷ್ಟು, ಎಂದರೆ 30 ಚುಕ್ಕಿ ಬಿಳಿ ಬೇಕು. ನಿಮಗೆ 50 ಸಿಗುತ್ತದೆ. ಚಿತ್ರವನ್ನು ಬಿಟ್ಟು ಪ್ರಿಂಟರ್‌ಗೇ ಬರೆಯಲು ಹೇಳಿ. ನಿಮ್ಮದು ಟಿಎಸ್‌ಪಿಎಲ್ ಎಂಬ ಆಜ್ಞಾಭಾಷೆ ಅರಿಯುವ ಪ್ರಿಂಟರ್ ಆಗಿದ್ದರೆ ಇಷ್ಟೇ ಬೇಕಾಗುವುದು:

```
SIZE 38 mm,25 mm
GAP 2 mm,0 mm
CLS
BARCODE 50,30,"128",90,1,0,3,3,"100417"
PRINT 1
```

ಲೇಬಲ್‌ಗಳ ನಡುವಿನ ಸಂದು 2 ಮಿ.ಮೀ. ಅಲ್ಲದಿದ್ದರೆ ಎರಡನೆಯ ಸಾಲನ್ನು ಬದಲಿಸಿಕೊಳ್ಳಿ. ಸಂಖ್ಯೆಗಳನ್ನು 100001ರಿಂದ ಆರಂಭಿಸಿ. 000417 ಎಂದು ಇಟ್ಟುಕೊಂಡರೆ ಸ್ಪ್ರೆಡ್‌ಶೀಟ್ ಮುಂದಿನ ಸೊನ್ನೆಗಳನ್ನು ಅಳಿಸಿ 417 ಎಂದು ಉಳಿಸಿಕೊಳ್ಳುತ್ತದೆ. ಸ್ಕ್ಯಾನ್ ಸರಿಯಾಗಿ ಆದರೂ ಸರಕು ಪಟ್ಟಿಯಲ್ಲಿ ಸಿಗುವುದಿಲ್ಲ, ಆಗ ಮತ್ತೆ ಸ್ಕ್ಯಾನರ್ ಮೇಲೆಯೇ ಅನುಮಾನ ಬರುತ್ತದೆ.

ಲೇಬಲ್‌ಚಿಂತೆ:
ವಿವರಣೆಗೆ ಧನ್ಯವಾದ. ಆದರೆ ಸಂಕೇತ ನೋಡಿದೊಡನೆ ಇದು ನೀಲಿ ಚೀಲ, ಮಧ್ಯಮ ಗಾತ್ರ ಎಂದು ಅಂಗಡಿಯಲ್ಲಿರುವವರಿಗೆ ತಿಳಿಯಬೇಕು. ಬರಿಯ ಅಂಕಿಯಿಂದ ಅದು ಆಗುವುದಿಲ್ಲ. ಜೊತೆಗೆ, 3 ಚುಕ್ಕಿಯ ಬದಲು 4 ಕೊಟ್ಟರೆ ಇನ್ನೂ ಚೆನ್ನಾಗಿ ಓದುವುದಿಲ್ಲವೇ?

ಚುಕ್ಕಿಲೆಕ್ಕ:
ಮನುಷ್ಯರು ಓದುವುದನ್ನು ಗೆರೆಗಳ ಕೆಳಗೆ ಅಕ್ಷರದಲ್ಲಿ ಮುದ್ರಿಸಿ, ಫೋನ್ ಓದುವುದನ್ನು ಮಾತ್ರ ಗೆರೆಗಳಲ್ಲಿಡಿ. ಅಂಕಿಗೂ ಸಂಕೇತಕ್ಕೂ ಇರುವ ಸಂಬಂಧ ಪಟ್ಟಿಯಲ್ಲಿರಲಿ. ಹೀಗಿದ್ದರೆ ನಾಳೆ ಬಣ್ಣದ ಹೆಸರನ್ನೋ ಗಾತ್ರದ ಗುರುತನ್ನೋ ಬದಲಿಸಿದರೂ ಅಂಟಿಸಿದ ಕೋಡ್ ಕೆಡುವುದಿಲ್ಲ. 4 ಚುಕ್ಕಿ ಕೊಟ್ಟರೆ ಗೆರೆಗಳೇ 272 ಚುಕ್ಕಿ ಹಿಡಿದು, ಬದಿಗೆ 16 ಮಾತ್ರ ಉಳಿಯುತ್ತದೆ, ಬೇಕಾದದ್ದು 40. ಬಿಳಿ ಅಂಚು ಸಾಲದಿದ್ದರೆ ಕೋಡ್ ಎಲ್ಲಿ ಆರಂಭವಾಯಿತು ಎಂಬುದೇ ಫೋನಿಗೆ ತಿಳಿಯದು.

ಲೇಬಲ್‌ಚಿಂತೆ:
ಪ್ರಿಂಟರ್‌ಗೆ ಆಜ್ಞೆ ಕಳಿಸುವ ದಾರಿ ತಿಳಿಯದೆ, ಮೊದಲು ಆರು ಅಂಕಿಯ ಕೋಡ್ ಅನ್ನು ಚಿತ್ರವಾಗಿಯೇ 25.5 ಮಿ.ಮೀ. ಅಗಲಕ್ಕೆ ಇಟ್ಟು ಮುದ್ರಿಸಿದೆ. ಹೆಚ್ಚಿನವು ಓದುತ್ತಿವೆ, ಆದರೂ ಕೆಲವು ತಡವರಿಸುತ್ತಿವೆ.

ಚುಕ್ಕಿಲೆಕ್ಕ:
ಮುದ್ರಿತ ಗೆರೆಗಳನ್ನು ಮೊದಲನೆಯ ಕಪ್ಪಿನಿಂದ ಕೊನೆಯ ಕಪ್ಪಿನವರೆಗೆ ಅಳತೆಪಟ್ಟಿಯಿಂದ ಅಳೆಯಿರಿ. ಎಷ್ಟು ಬರುತ್ತದೆ?

ಲೇಬಲ್‌ಚಿಂತೆ:
24.5 ಮಿ.ಮೀ. ಬರುತ್ತಿದೆ.

ಚುಕ್ಕಿಲೆಕ್ಕ:
ಹಾಗಾದರೆ ಚಿತ್ರ ಶೇಕಡಾ 96ಕ್ಕೆ ಕುಗ್ಗಿದೆ. ಮುದ್ರಣದ ಸೆಟ್ಟಿಂಗ್‌ನಲ್ಲಿ ಪುಟಕ್ಕೆ ಹೊಂದಿಸುವ ಆಯ್ಕೆ ಚಾಲೂ ಇರುತ್ತದೆ. ಅದನ್ನು ತೆಗೆದು 100 ಎಂದಿಡಿ. 3 ಚುಕ್ಕಿ 2.88 ಆಗಿರುವುದರಿಂದ ಅಲ್ಲಲ್ಲಿ ಒಂದು ಚುಕ್ಕಿ ಕಳೆದುಹೋಗುತ್ತಿದೆ. ಚಿತ್ರದ ಕಡತವೂ ಜೆಪಿಜಿ ಆಗಿರದೆ ಪಿಎನ್‌ಜಿ ಆಗಿರಲಿ, ಏಕೆಂದರೆ ಜೆಪಿಜಿಯಲ್ಲಿ ಗೆರೆಯ ಅಂಚು ಬೂದುಬಣ್ಣಕ್ಕೆ ತಿರುಗುತ್ತದೆ.

ಗಾಜುಬಾಟಲಿ:
ನನ್ನದೂ ಇದೇ ಸಮಸ್ಯೆ. ಕೋಡ್ ಸರಿಯಾಗಿಯೇ ಇದೆ, ಆದರೆ ಸಣ್ಣ ಬಾಟಲಿಗೆ ಅಂಟಿಸಿದ ಮೇಲೆ ಓದುವುದಿಲ್ಲ. ಬಾಟಲಿಯ ವ್ಯಾಸ 24 ಮಿ.ಮೀ. ಲೇಬಲ್ ನೆನೆಯದಿರಲೆಂದು ಮೇಲೆ ಪಾರದರ್ಶಕ ಟೇಪ್ ಹಾಕಿದ್ದೇನೆ.

ಚುಕ್ಕಿಲೆಕ್ಕ:
ನಿಮ್ಮ ಸಮಸ್ಯೆ ಬೇರೆಯದು. 25.5 ಮಿ.ಮೀ. ಕೋಡ್ ಆ ಬಾಟಲಿಯ ಸುತ್ತಳತೆಯಲ್ಲಿ ಮೂರನೆಯ ಒಂದು ಭಾಗ ಆವರಿಸುತ್ತದೆ. ಎರಡೂ ಕೊನೆಯ ಗೆರೆಗಳು ಎದುರಿನಿಂದ ನೋಡುವ ಕ್ಯಾಮೆರಾಗೆ ಅರ್ಧ ಅಗಲವಾಗಿ ಕಾಣುತ್ತವೆ. ಲೇಬಲ್ ಅನ್ನು ಕಾಲು ಸುತ್ತು ತಿರುಗಿಸಿ, ಗೆರೆಗಳು ಬಳೆಯಂತೆ ಬಾಟಲಿಯನ್ನು ಸುತ್ತುವ ಹಾಗೆ ಅಂಟಿಸಿ. ಅಷ್ಟು ಎತ್ತರ ಇಲ್ಲದಿದ್ದರೆ ಆರು ಅಂಕಿಯ ಕ್ಯೂಆರ್ ಹಾಕಿ. ಚೌಕಕ್ಕೆ 4 ಚುಕ್ಕಿಯಂತೆ ಅದು 10.5 ಮಿ.ಮೀ. ಮಾತ್ರ ಆಗುವುದರಿಂದ ಹೆಚ್ಚು ಬಾಗುವುದಿಲ್ಲ.

ಬಿಸಿಮುದ್ರಣ:
ಗೆರೆಗಳನ್ನು ತಿರುಗಿಸಿ ಮುದ್ರಿಸುವವರು ಗಮನಿಸಿ: ಗೆರೆ ಕಾಗದದ ಚಲನೆಗೆ ಅಡ್ಡವಾದರೆ ಬಿಸಿ ಹರಡುವುದು ಎದ್ದು ಕಾಣುತ್ತದೆ. ಅಲ್ಲಿ ನನ್ನ ಡಾರ್ಕ್‌ನೆಸ್ ಸಲಹೆ ಅನ್ವಯಿಸುತ್ತದೆ ಎಂಬುದನ್ನು ನಾನು ಬಿಟ್ಟುಕೊಡುವುದಿಲ್ಲ.

ಚುಕ್ಕಿಲೆಕ್ಕ:
ಅದು ಒಪ್ಪತಕ್ಕ ಮಾತು. ಮುದ್ರಿಸುವಾಗ ತಿರುಗಿಸದೆ, ಅಂಟಿಸುವಾಗ ತಿರುಗಿಸಿದರೆ ಆ ತೊಂದರೆಯೂ ಇರುವುದಿಲ್ಲ.

ಲೇಬಲ್‌ಚಿಂತೆ:
100ಕ್ಕೆ ಇಟ್ಟ ಮೇಲೆ ಅಳತೆ 25.5 ಬಂದಿದೆ, ಮುದ್ರಿಸಿದ ಚೀಲದ ಲೇಬಲ್‌ಗಳೆಲ್ಲ ಓದುತ್ತಿವೆ. ಹಳೆಯ ಫೋನ್ ಕೂಡಲೇ ಓದುತ್ತದೆ, ಹೊಸ ಫೋನ್ ಮಾತ್ರ ಹತ್ತಿರ ಹಿಡಿದಾಗ ಮಸುಕಾಗಿ ತೋರಿಸುತ್ತದೆ.

ಚುಕ್ಕಿಲೆಕ್ಕ:
ಹೊಸ ಫೋನುಗಳ ದೊಡ್ಡ ಸಂವೇದಕದ ಮುಖ್ಯ ಕ್ಯಾಮೆರಾಕ್ಕೆ ತೀರ ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುವುದಿಲ್ಲ. 15ರಿಂದ 20 ಸೆ.ಮೀ. ದೂರ ಹಿಡಿದು, ಆ್ಯಪ್‌ನಲ್ಲಿ ಎರಡು ಪಟ್ಟು ಜೂಮ್ ಮಾಡಿ.

ಗಾಜುಬಾಟಲಿ:
ತಿರುಗಿಸಿ ಅಂಟಿಸಿದೆ. ಟೇಪ್ ಇಲ್ಲದ ಬಾಟಲಿಗಳು ಓದುತ್ತವೆ, ಟೇಪ್ ಹಾಕಿದವು ದೀಪದ ಕೆಳಗೆ ಈಗಲೂ ಓದುತ್ತಿಲ್ಲ. ಟೇಪ್ ತೆಗೆದರೆ ಲೇಬಲ್ ಒದ್ದೆಯಾಗುತ್ತದೆ. ಹೊಳಪಿಲ್ಲದ ಪಾರದರ್ಶಕ ಟೇಪ್ ಅಥವಾ ನೀರು ತಾಗಿದರೂ ಕೆಡದ ಲೇಬಲ್ ಬಳಸಿದವರು ಯಾರಾದರೂ ಇದ್ದರೆ, ಅದು ಫೋನಿನಲ್ಲಿ ಹೇಗೆ ಓದುತ್ತದೆ ಎಂದು ದಯವಿಟ್ಟು ತಿಳಿಸಿ.