19:19:19 ಹಾಕಿ ದಾಸವಾಳದ ಎಲೆ ಸುಟ್ಟಿದೆ

ಪ್ರಶ್ನೆ (ನೀರ್ಚಾಲಿನಿಂದ): ಚಟ್ಟಿಯ ದಾಸವಾಳಕ್ಕೆ ಹೂ ಬರಲಿ ಅಂತ 19:19:19 ಪುಡಿ ತಂದೆ. ಸಾರು ಬಡಿಸುವ ಚಮಚದಲ್ಲಿ ಒಂದು ತುಂಬ ತೆಗೆದು, ಒಂದು ಲೀಟರ್ ನೀರಿಗೆ ಕದಡಿ ಹೊಯ್ದೆ. ಐದೇ ದಿನಕ್ಕೆ ಎಲೆಯಂಚು ಸುಟ್ಟ ಹಾಗಾಗಿದೆ. ಅಡಿಕೆಗೆ 100:40:140 ಹೇಳುತ್ತಾರಲ್ವಾ? ಅದರ ಮುಂದೆ ಇದು ಎಷ್ಟು ಕಮ್ಮಿ! ಮತ್ತೆ ಸುಟ್ಟದ್ದು ಹೇಗೆ?

ಉತ್ತರ (ನರ್ಸರಿ ನಡೆಸುವವರು): ಅಕ್ಕಾ, ಎರಡೂ ಕಡೆ ಮೂರು ಅಂಕಿ ಉಂಟು, ಆದರೆ ಲೆಕ್ಕ ಬೇರೆ. ಅಡಿಕೆಯ 100:40:140 ಅಂದರೆ ಗ್ರಾಂ. ಒಂದು ಮರಕ್ಕೆ ಇಡೀ ವರ್ಷಕ್ಕೆ ಸಿಗಬೇಕಾದ ಸಾರಜನಕ, ರಂಜಕ, ಪೊಟ್ಯಾಷ್. ಪ್ಯಾಕೆಟಿನ ಅಂಕಿ ಶೇಕಡಾ. ನೂರು ಗ್ರಾಂ ಪುಡಿಯಲ್ಲಿ ಮೂರೂ 19, 19 ಗ್ರಾಂ. ಯೂರಿಯಾದಲ್ಲಿ ಸಾರಜನಕ 46. ಹಾಗಾಗಿ ಅಡಿಕೆಯ ಆ 100 ಗ್ರಾಂ ಸಾರಜನಕಕ್ಕೆ ಸುಮಾರು 217 ಗ್ರಾಂ ಯೂರಿಯಾ ಬೇಕು.

ಈಗ ನಿಮ್ಮ ಚಮಚ ನೋಡೋಣ. ತುಂಬಿ ತೆಗೆದರೆ ಹತ್ತಿರ ಹತ್ತಿರ 15 ಗ್ರಾಂ. ಚಟ್ಟಿ ಗಿಡಕ್ಕೆ ನಾನು ಹೇಳುವುದು ಲೀಟರಿಗೆ 1 ಗ್ರಾಂ. ಹದಿನೈದು ಪಟ್ಟು ಆಯಿತಲ್ಲ! ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿದರೆ ನೀರು ಬಿಟ್ಟು ಚಿರುಟುತ್ತದೆ ನೋಡಿ, ಬೇರಿಗೂ ಅದೇ ಗತಿ. ಮಣ್ಣು ಒದ್ದೆ ಇದ್ದೂ ಗಿಡ ಬಾಡಿದ್ದರೆ, ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ, ಗೊಬ್ಬರ ಜಾಸ್ತಿ ಆದದ್ದೇ.

ಚಟ್ಟಿಯ ಅಡಿಯ ತಟ್ಟೆ ಇವತ್ತೇ ತೆಗೆಯಿರಿ. ಬಿಳಿ ಪೊರೆ ಇದ್ದರೆ ಮೇಲಿಂದ ಕೆರೆದು ಬಿಸಾಡಿ. ಆಮೇಲೆ ಬರೀ ನೀರು ಹೊಯ್ಯಿರಿ, ನಿಧಾನಕ್ಕೆ, ಚಟ್ಟಿ ಹಿಡಿಯುವ ಮಣ್ಣಿನ ಮೂರು ಪಟ್ಟು. ಒಂದೇ ಸಲ ಅಲ್ಲ, ಬಿಟ್ಟು ಬಿಟ್ಟು. ತೂತಿನಿಂದ ಧಾರೆಯಾಗಿ ಹೊರಗೆ ಹೋಗಬೇಕು. ಒಂದು ತಿಂಗಳು ಗೊಬ್ಬರದ ಸುದ್ದಿ ಬೇಡ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಹೊಸ ಚಿಗುರು ನೋಡಿ ಗಿಡ ಉಳಿಯಿತಾ ಅಂತ ತಿಳಿಯಬೇಕು.

ಇನ್ನೊಬ್ಬರು: 19 ತಂದದ್ದೇ ತಪ್ಪು. ಹೂವಿಗೆ ಮಧ್ಯದ ಅಂಕಿ ಜಾಸ್ತಿ ಇರಬೇಕು. 0:52:34 ಹಾಕಿ, ಗೊಂಚಲು ಗೊಂಚಲು ಬರುತ್ತದೆ.

ನರ್ಸರಿಯವರು: ಅಣ್ಣಾ, ಅರ್ಧ ಸರಿ. ಹೂವಿಗೆ ರಂಜಕ ಬೇಕು, ಆದರೆ ಜಾಸ್ತಿ ಹಾಕಿದಷ್ಟು ಜಾಸ್ತಿ ಹೂ ಅಂತಿಲ್ಲ. ದಾಸವಾಳಕ್ಕಂತೂ ರಂಜಕ ಮಿತಿಮೀರಿದರೆ ಆಗುವುದೇ ಇಲ್ಲ. ಮಣ್ಣಿನಲ್ಲಿ ಅದು ತುಂಬಿಕೊಂಡರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ, ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಮೊಗ್ಗು ಕಟ್ಟುವಾಗ ಒಮ್ಮೆ ತೆಳುವಾಗಿ ಕೊಟ್ಟರೆ ಬೇಡ ಅನ್ನುವುದಿಲ್ಲ. ಅದಕ್ಕೆ ಮೊದಲು, ಗಿಡಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಉಂಟಾ ಅಂತ ನೋಡಿ. ಜಗಲಿಯ ನೆರಳಲ್ಲಿ ಇಟ್ಟು ಗೊಬ್ಬರಕ್ಕೆ ಬೈಯುವವರೇ ಜಾಸ್ತಿ.

ಒಬ್ಬ ಮಾಷ್ಟ್ರು: ಒಂದು ತಿದ್ದುಪಡಿ. ಮಧ್ಯದ 19 ಪೂರ್ತಿ ರಂಜಕ ಅಲ್ಲ, P2O5 ಲೆಕ್ಕ. ಬರೀ ರಂಜಕ 8 ಗ್ರಾಂ ಚಿಲ್ಲರೆ ಅಷ್ಟೇ. ಪೊಟ್ಯಾಷಿನದ್ದೂ ಹಾಗೆ, K2O ಲೆಕ್ಕ.

ನರ್ಸರಿಯವರು: ಹೌದು ಮಾಷ್ಟ್ರೇ. ಅಡಿಕೆಯ ಶಿಫಾರಸೂ ಅದೇ ಲೆಕ್ಕದಲ್ಲಿ ಇರುವುದರಿಂದ ನಾವು ಅಂಗಡಿಯಲ್ಲಿ ಆ ತಲೆಬಿಸಿ ಬಿಟ್ಟಿದ್ದೇವೆ.

ಬದಿಯಡ್ಕದಿಂದ ಒಬ್ಬರು: ನನ್ನದು ಮಲ್ಲಿಗೆ. 17:17:17 ಕಾಳು ನೀರಿಗೆ ಹಾಕಿದರೆ ಅಡಿಯಲ್ಲಿ ಗಸಿ ಕೂರುತ್ತದೆ. ಮೋಸದ ಮಾಲಾ?

ನರ್ಸರಿಯವರು: ಗಸಿ ಕಂಡ ಮಾತ್ರಕ್ಕೆ ಮೋಸ ಅನ್ನಬೇಡಿ. ಕಾಳು ಪೂರ್ತಿ ಕರಗಲಿಕ್ಕೆ ಮಾಡಿದ್ದಲ್ಲ, ಮಣ್ಣಿಗೆ ಹಾಕಲಿಕ್ಕೆ. ಹತ್ತಿಂಚಿನ ಚಟ್ಟಿಗೆ ತಿಂಗಳಿಗೊಮ್ಮೆ ಮುಕ್ಕಾಲು ಟೀ ಚಮಚ, ಬುಡದಿಂದ ದೂರ, ಅಂಚಿನಲ್ಲಿ, ಒದ್ದೆ ಮಣ್ಣಿಗೆ. ಆಟಿಯ ಮಳೆಯಲ್ಲಿ ಮಾತ್ರ ಬೇಡ. ಇವತ್ತು ಹಾಕಿದ್ದು ನಾಳೆ ತೂತಿನಿಂದ ಹೊರಗೆ.

ಪ್ರಶ್ನೆ ಕೇಳಿದವರು: ತೊಳೆದೆ. ಕೊಡದಲ್ಲಿ ಮೂರು ಸಲ ಹೊಯ್ದೆ. ಮೊದಲು ಕೆಂಪಾಗಿ ಬಂದ ನೀರು ಆಮೇಲೆ ತಿಳಿಯಾಯಿತು. ಇನ್ನು ಒಂದು ಗ್ರಾಂ ತೂಗುವುದು ಹೇಗೆ? ನನ್ನಲ್ಲಿ ತಕ್ಕಡಿ ಇಲ್ಲ.

ನರ್ಸರಿಯವರು: ತೂಗುವುದೇ ಬೇಡ. ಟೀ ಚಮಚದಲ್ಲಿ ಪುಡಿ ತೆಗೆದು ಚಾಕುವಿನ ಬೆನ್ನಿನಿಂದ ಸಮ ಮಾಡಿ, ಸುಮಾರು 5 ಗ್ರಾಂ. ಅದನ್ನು ಐದು ಲೀಟರ್ ನೀರಿಗೆ ಹಾಕಿ. ಚಮಚ ಚಿಕ್ಕದು ದೊಡ್ಡದು ಇರುತ್ತದೆ, ಆದರೆ ಇಷ್ಟು ತೆಳು ಮಾಡಿದರೆ ಸ್ವಲ್ಪ ಆಚೀಚೆ ಆದರೂ ಸುಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಸಾಕು. ಮಣ್ಣು ಒಣಗಿದ್ದರೆ ಮೊದಲು ಬರೀ ನೀರು, ಆಮೇಲೆ ಗೊಬ್ಬರದ ನೀರು.

ಕುಂಬಳೆಯಿಂದ ಒಬ್ಬರು: ನಮ್ಮದು ಕಡಲ ಬದಿ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪುಪ್ಪು. ನಾವೂ ಒಂದು ಗ್ರಾಂ ಹಾಕಬಹುದಾ?

ನರ್ಸರಿಯವರು: ನೀರಲ್ಲೇ ಉಪ್ಪು ಇದ್ದರೆ ಅದರ ಮೇಲೆ ಗೊಬ್ಬರದ ಉಪ್ಪೂ ಸೇರುತ್ತದೆ. ಎಷ್ಟು ಅಂತ ನೀರು ಪರೀಕ್ಷೆ ಮಾಡಿಸದೆ ಹೇಳಲಿಕ್ಕೆ ಆಗುವುದಿಲ್ಲ. ಅಲ್ಲಿವರೆಗೆ ಅರ್ಧ ಗ್ರಾಂ ಮೇಲೆ ಹೋಗಬೇಡಿ.

ಪ್ರಶ್ನೆ ಕೇಳಿದವರು: ಮೊಗ್ಗು ಎರಡಿತ್ತು, ಬೆಳಿಗ್ಗೆ ನೋಡಿದರೆ ಒಂದು ಉದುರಿದೆ. ಇನ್ನೊಂದನ್ನು ಚಿವುಟುವುದಾ, ಬಿಡುವುದಾ?

ನರ್ಸರಿಯವರು: ನಾನಾದರೆ ಚಿವುಟುತ್ತೇನೆ, ಗಿಡಕ್ಕೆ ಅಷ್ಟು ಹಗುರ. ನನ್ನ ಹೆಂಡತಿ ಬಿಡಿ ಅನ್ನುತ್ತಾಳೆ.